ಗಾಳಿಗೆ ಉಂಟು, ಕಳವಿಗೆ ಇಲ್ಲ, ಬೆಂಕಿಗೆ ಅರ್ಧ: ತಾರಸಿ ಸೋಲಾರ್‌ನ ವಿಮೆ

ಭರಣಿ ಮಳೆ ಬರುವಾಗ ಗಾಳಿಯೇ ಮುಂದೆ ಬರುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗಿನ ಆ ಸಂಜೆಗಳಲ್ಲಿ ಬಯಲುಸೀಮೆಯ ಊರುಗಳಲ್ಲಿ ಶೀಟು ಹಾರುವುದು, ಬಾಳೆತೋಟ ಮಲಗುವುದು, ಕರೆಂಟ್ ಕಂಬ ಉರುಳುವುದು ಹಳೆಯ ಸುದ್ದಿ. ಈಗ ತಾರಸಿಯ ಸೋಲಾರ್ ಪ್ಯಾನೆಲ್ ಕೂಡ ಆ ಸಾಲಿಗೆ ಸೇರಿದೆ. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಶುರುವಾಗಿ, 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಸಿಗತೊಡಗಿದ ಮೇಲೆ ಸಾಮಾನ್ಯ ಮನೆಗಳ ತಾರಸಿಯ ಮೇಲೂ ಲಕ್ಷಾಂತರ ರೂಪಾಯಿಯ ಸಾಮಾನು ಬಿಸಿಲು ಮಳೆಗೆ ಒಡ್ಡಿಕೊಂಡು ನಿಂತಿದೆ.

ಹಾಕಿಸಿಕೊಂಡವರನ್ನು ವಿಮೆಯ ಬಗ್ಗೆ ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ‘25 ವರ್ಷ ವಾರಂಟಿ ಇದೆಯಲ್ಲ.’ ಆ 25 ವರ್ಷ ಪ್ಯಾನೆಲ್ ಕೊಡುವ ವಿದ್ಯುತ್ತಿನ ಪ್ರಮಾಣಕ್ಕೆ ಸಂಬಂಧಿಸಿದ ಭರವಸೆ. ವರ್ಷದಿಂದ ವರ್ಷಕ್ಕೆ ಉತ್ಪಾದನೆ ಇಷ್ಟಕ್ಕಿಂತ ಕೆಳಗಿಳಿಯದು ಎಂದಷ್ಟೇ ಅದರ ಅರ್ಥ. ತಯಾರಿಕೆಯ ದೋಷಕ್ಕಿರುವ ವಾರಂಟಿ ಬೇರೆ, ಅದರ ಅವಧಿಯೂ ಕಡಿಮೆ. ಇನ್ವರ್ಟರ್‌ನದು ಇನ್ನೂ ಕಡಿಮೆ. ಸಹಾಯಧನದ ಘಟಕಗಳಿಗೆ ಹಾಕಿಕೊಟ್ಟ ಸಂಸ್ಥೆ 5 ವರ್ಷ ನಿರ್ವಹಣೆ ಮಾಡಬೇಕೆಂಬ ನಿಯಮವಿದೆ, ಅದೂ ಕೆಟ್ಟದ್ದನ್ನು ಸರಿಪಡಿಸಲು. ಗಾಳಿ ಕಿತ್ತರೆ, ಕಳ್ಳ ಹೊತ್ತರೆ, ಬೆಂಕಿ ಸುಟ್ಟರೆ ಈ ಭರವಸೆಗಳಲ್ಲಿ ಒಂದೂ ನಿಮ್ಮ ನೆರವಿಗೆ ಬಾರದು. ಅಲ್ಲಿಂದ ಮುಂದೆ ಉಳಿಯುವುದು ವಿಮೆ ಮಾತ್ರ.

ಪ್ಯಾನೆಲ್ ಮನೆಯ ಭಾಗವೇ

ನಮ್ಮ ದೇಶದಲ್ಲಿ ಮನೆಯ ವಿಮೆಗೆ ಈಗ ಒಂದು ಸಿದ್ಧ ಅಚ್ಚಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ‘ಭಾರತ್ ಗೃಹ ರಕ್ಷಾ’ ಪಾಲಿಸಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಯಾವ ಕಂಪನಿಯಲ್ಲಿ ಕೊಂಡರೂ ಅದರ ಮೂಲ ಷರತ್ತುಗಳು ಒಂದೇ. ಆ ಪಾಲಿಸಿಯಲ್ಲಿ ‘ಮನೆ ಕಟ್ಟಡ’ ಎಂದರೇನು ಎಂದು ವಿವರಿಸುವ ಭಾಗದಲ್ಲಿ ಕಾಂಪೌಂಡ್ ಗೋಡೆ, ನೀರಿನ ಟ್ಯಾಂಕ್, ಗೋಬರ್ ಗ್ಯಾಸ್ ಘಟಕಗಳ ಜೊತೆಗೆ ಸೋಲಾರ್ ಪ್ಯಾನೆಲ್‌ಗಳ ಹೆಸರೂ ಇದೆ. ಹಾಗಾಗಿ ಪ್ಯಾನೆಲ್‌ಗೆ ವಿಮೆಯೇ ಸಿಗದು ಎಂಬ ಮಾತು ತಪ್ಪು. ಮನೆಯ ಪಾಲಿಸಿ ಇದ್ದವರಿಗೆ ಪ್ರತ್ಯೇಕ ಪಾಲಿಸಿ ಬೇಕೇ ಬೇಕು ಎಂಬುದೂ ತಪ್ಪು.

ತೊಡಕಿರುವುದು ಮೊತ್ತದಲ್ಲಿ. ಗೃಹ ರಕ್ಷಾದಲ್ಲಿ ಕಟ್ಟಡದ ವಿಮಾ ಮೊತ್ತವನ್ನು ಮನೆಯ ಕಾರ್ಪೆಟ್ ವಿಸ್ತೀರ್ಣವನ್ನು ಈಗಿನ ನಿರ್ಮಾಣ ವೆಚ್ಚದಿಂದ ಗುಣಿಸಿ ಕಂಡುಕೊಳ್ಳುತ್ತಾರೆ. ಟ್ಯಾಂಕ್, ಪ್ಯಾನೆಲ್‌ಗಳಂಥ ಹೆಚ್ಚುವರಿ ರಚನೆಗಳ ಬೆಲೆಯನ್ನು ಅದಕ್ಕೆ ಬೇರೆಯಾಗಿ ಸೇರಿಸಬೇಕು. ಸಾಲ ಮಾಡಿ ಮನೆ ಕಟ್ಟಿದವರಲ್ಲಿ ಹೆಚ್ಚಿನವರಿಗೆ ಬ್ಯಾಂಕೇ ಪಾಲಿಸಿ ಮಾಡಿಸಿಕೊಟ್ಟಿರುತ್ತದೆ. ಆಗ ತಾರಸಿಯ ಮೇಲೆ ಬಟ್ಟೆ ಒಣಗಿಸುವ ಹಗ್ಗ ಬಿಟ್ಟರೆ ಬೇರೇನೂ ಇರಲಿಲ್ಲ. ನಾಲ್ಕು ವರ್ಷದ ಮೇಲೆ ಪ್ಯಾನೆಲ್ ಏರಿತು, ಪಾಲಿಸಿ ಮಾತ್ರ ಹಾಗೆಯೇ ಉಳಿಯಿತು. ಇಂಥವರು ಕಂಪನಿಗೆ ಒಂದು ಪತ್ರ ಬರೆದು, ಬಿಲ್ಲಿನ ಪ್ರತಿ ಲಗತ್ತಿಸಿ, ಸ್ವಲ್ಪ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪ್ಯಾನೆಲನ್ನು ಪಾಲಿಸಿಗೆ ಸೇರಿಸಿಕೊಳ್ಳಬಹುದು. ಇದಕ್ಕೆ ಎಂಡಾರ್ಸ್‌ಮೆಂಟ್ ಎನ್ನುತ್ತಾರೆ. ವಿಮೆಯ ವಿಷಯದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಕೆಲಸ ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ.

ಎಷ್ಟು ಬೆಲೆಗೆ ಸೇರಿಸಬೇಕು? ಇಲ್ಲಿ ಬಹಳ ಜನ ಸಹಾಯಧನ ಕಳೆದು ಉಳಿದ ಮೊತ್ತವನ್ನು ಬರೆಸುತ್ತಾರೆ. 1,90,000 ರೂಪಾಯಿಯ ಘಟಕಕ್ಕೆ 78,000 ವಾಪಸ್ ಬಂದರೆ ಕೈಯಿಂದ ಹೋದದ್ದು 1,12,000. ಅಷ್ಟಕ್ಕೇ ವಿಮೆ ಸಾಕೆಂದು ತೋರುವುದು ಸಹಜ. ಆದರೆ ಗಾಳಿಯಲ್ಲಿ ಎಲ್ಲವೂ ಹೋದರೆ ಮತ್ತೆ ಹಾಕಿಸುವಾಗ ಸರ್ಕಾರ ಎರಡನೇ ಸಲ ಸಹಾಯಧನ ಕೊಡುವುದಿಲ್ಲ. ಅಂಗಡಿಯವರು ಕೇಳುವುದು ಪೂರ್ತಿ ಬೆಲೆಯನ್ನೇ. ಬರೆಸಬೇಕಾದದ್ದೂ ಪೂರ್ತಿ 1,90,000ವನ್ನೇ.

ಗಾಳಿ ಎಷ್ಟು ಜೋರು?

ಬಿರುಗಾಳಿ, ಚಂಡಮಾರುತ, ನೆರೆ, ಭೂಕುಸಿತ, ಮರ ಬೀಳುವುದು, ಇವೆಲ್ಲ ಗೃಹ ರಕ್ಷಾದ ಮೂಲ ಪಟ್ಟಿಯಲ್ಲೇ ಇವೆ. ಮೂರು ಆಪತ್ತುಗಳಲ್ಲಿ ಪಾಲಿಸಿ ಚೆನ್ನಾಗಿ ಕೈಹಿಡಿಯುವುದು ಇದರಲ್ಲೇ. ಆದರೂ ಗಾಳಿಯ ಕ್ಲೈಮ್‌ನಲ್ಲಿ ಸರ್ವೇಯರ್ ತಾರಸಿ ಹತ್ತಿದಾಗ ಪ್ಯಾನೆಲ್‌ಗಿಂತ ಮೊದಲು ಅದನ್ನು ಹೊತ್ತ ಕಬ್ಬಿಣದ ಬುಡ ನೋಡುತ್ತಾರೆ. ಯಾಕೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು.

ಗಾಳಿಯ ಹೊರೆಗಾಗಿ ಇರುವ ಭಾರತೀಯ ಮಾನಕ ಐಎಸ್ 875ರ 3ನೇ ಭಾಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ವೇಗವೆಂದು ಇಟ್ಟಿದೆ. 33 ಮೀಟರ್ ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗದಲ್ಲಿ ಗಾಳಿ ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 65 ಕಿಲೋ ತೂಕದಷ್ಟು ಒತ್ತಡ ಹಾಕುತ್ತದೆ. ಈಗಿನ 540 ವ್ಯಾಟ್ ಪ್ಯಾನೆಲ್ ಒಂದರ ಹರವು ಎರಡೂವರೆ ಚದರ ಮೀಟರಿಗಿಂತ ತುಸು ಹೆಚ್ಚು. ಹಾಗೆಂದರೆ ಮೂವತ್ತು ಕಿಲೋ ಆಸುಪಾಸು ತೂಗುವ ಒಂದು ಪ್ಯಾನೆಲ್ ಮೇಲೆ 170 ಕಿಲೋದಷ್ಟು ಬಲ. ಓರೆ, ಎತ್ತರ, ತಾರಸಿಯ ಅಂಚಿಗೆ ಎಷ್ಟು ಹತ್ತಿರ ಎಂಬುದರ ಮೇಲೆ ಇದು ಹೆಚ್ಚು ಕಡಿಮೆಯಾಗುತ್ತದೆ. ಗಾಳಿ ಕೆಳಗಿನಿಂದ ನುಗ್ಗಿದರೆ ಆ ಬಲವೆಲ್ಲ ಮೇಲಕ್ಕೆ. ಪ್ಯಾನೆಲ್ ತನ್ನ ತೂಕದಿಂದ ನಿಲ್ಲುವುದಿಲ್ಲ, ಬೋಲ್ಟ್ ಹಿಡಿದದ್ದರಿಂದ ನಿಲ್ಲುತ್ತದೆ. ತಾರಸಿಯ ಜಾಗ ಉಳಿಸಿಕೊಳ್ಳಲೆಂದು ಏಳೆಂಟು ಅಡಿ ಎತ್ತರದ ಸ್ಟ್ರಕ್ಚರ್ ಕೇಳಿ ಹಾಕಿಸಿಕೊಂಡವರು ಇದನ್ನು ಗಮನದಲ್ಲಿಡಬೇಕು. ಎತ್ತರ ಹೆಚ್ಚಿದಷ್ಟೂ ಬುಡಕ್ಕೆ ಬೀಳುವ ಬಲ ಹೆಚ್ಚು.

ಹಾಗಾಗಿ ಕಾಂಕ್ರೀಟ್‌ಗೆ ಆಂಕರ್ ಬೋಲ್ಟ್ ಹಾಕದೆ ಬರೀ ಇಟ್ಟಿಗೆಯ ಕಟ್ಟೆಯ ಮೇಲೆ ಕೂರಿಸಿದ್ದರೆ, ನಾಲ್ಕು ಕಡೆ ಇರಬೇಕಾದ ಕ್ಲಾಂಪ್ ಎರಡೇ ಕಡೆ ಇದ್ದರೆ, ಕಂಬದ ಬುಡ ತುಕ್ಕು ತಿಂದಿದ್ದರೆ ಸರ್ವೇಯರ್ ವರದಿ ಬೇರೆ ದಿಕ್ಕಿಗೆ ತಿರುಗುತ್ತದೆ. ಬಿರುಗಾಳಿಯಿಂದ ಹೋಯಿತೋ, ಸವೆತದಿಂದ ಹೋಯಿತೋ ಎಂಬ ಚರ್ಚೆ ಏಳುತ್ತದೆ. ಸವೆತಕ್ಕೆ ಯಾವ ಪಾಲಿಸಿಯೂ ಹಣ ಕೊಡದು. ಸ್ಟ್ರಕ್ಚರ್ ಎಷ್ಟು ಗಾಳಿವೇಗಕ್ಕೆ ವಿನ್ಯಾಸಗೊಂಡಿದೆ ಎಂದು ಹಾಕಿಕೊಟ್ಟವರಿಂದ ಬರೆಸಿಕೊಂಡ ಒಂದು ಹಾಳೆ, ಕೆಲಸ ಮುಗಿದ ದಿನ ಬುಡದ ಬೋಲ್ಟುಗಳ ನಾಲ್ಕು ಫೋಟೋ, ಇವು ಆಗ ಬೆಲೆಬಾಳುತ್ತವೆ. ಅಂದು ನಿಜವಾಗಿ ಬಿರುಗಾಳಿ ಬೀಸಿತ್ತು ಎಂಬುದಕ್ಕೆ ಸುತ್ತಲಿನ ಬಿದ್ದ ಮರಗಳು, ಮರುದಿನದ ಪತ್ರಿಕೆಯ ಸುದ್ದಿ ಸಾಕ್ಷಿಯಾಗುತ್ತವೆ. ಕರ್ನಾಟಕದವರಿಗೆ ಇನ್ನೊಂದು ಅನುಕೂಲವಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನು ನಡೆಸುತ್ತಿದೆ. ಅವುಗಳಲ್ಲಿ ಗಾಳಿಯ ವೇಗವೂ ದಾಖಲಾಗುತ್ತದೆ.

ಒಂದು ಮನೆಯ ಲೆಕ್ಕ

ದಾವಣಗೆರೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. 540 ವ್ಯಾಟಿನ 6 ಪ್ಯಾನೆಲ್, 3 ಕಿಲೋವ್ಯಾಟ್ ಇನ್ವರ್ಟರ್, ಒಟ್ಟು 1,90,000 ರೂಪಾಯಿಯ ಘಟಕ. ಗೃಹ ರಕ್ಷಾ ಪಾಲಿಸಿಯಲ್ಲಿ ಪೂರ್ತಿ ಬೆಲೆಗೆ ಸೇರಿದೆ. ಮೇ ತಿಂಗಳ ಗಾಳಿಗೆ ಎರಡು ಪ್ಯಾನೆಲ್ ಕಿತ್ತುಹೋದವು, ಒಂದು ರೈಲು ಬಾಗಿತು, ಕೇಬಲ್ ಹರಿಯಿತು. ಪ್ಯಾನೆಲ್‌ಗೆ 27,000, ಸ್ಟ್ರಕ್ಚರ್‌ಗೆ 18,000, ಕೇಬಲ್ ಕೂಲಿ ಸೇರಿ 9,000, ಒಟ್ಟು ನಷ್ಟ 54,000 ಎಂದಿಟ್ಟುಕೊಳ್ಳಿ. ಗೃಹ ರಕ್ಷಾದಲ್ಲಿ ಕಟ್ಟಡಕ್ಕೆ ಸಿಗುವುದು ಹೊಸದಾಗಿ ಮಾಡಿಸಲು ತಗಲುವ ವೆಚ್ಚ, ಹಳೆಯದೆಂದು ಸವಕಳಿ ಮುರಿದುಕೊಳ್ಳುವುದಿಲ್ಲ. ಬೆಲೆ ಕಡಿಮೆ ಬರೆಸಿದ್ದೀರಿ ಎಂದು ಅನುಪಾತ ಹಾಕಿ ಕತ್ತರಿಸುವ ಪದ್ಧತಿಯೂ ಈ ಪಾಲಿಸಿಯಲ್ಲಿ ಇಲ್ಲ, ವಿಮಾ ಮೊತ್ತವೇ ಮಿತಿ. ಮುರಿದ ಸಾಮಾನು ತೆರವುಗೊಳಿಸಲು ಕ್ಲೈಮ್ ಮೊತ್ತದ 2 ಶೇಕಡದವರೆಗೆ ಬೇರೆ ಸಿಗುತ್ತದೆ. ಈ ಮನೆಯವರ ಕೈಗೆ ನಷ್ಟದ ಹಣ ಬಹುಪಾಲು ಬರುತ್ತದೆ.

ಆದರೆ ಹಾರಿದ ಎರಡರಲ್ಲಿ ಒಂದು ಪ್ಯಾನೆಲ್ ಪಕ್ಕದ ಮನೆಯವರ ಕಾರಿನ ಮೇಲೆ ಬಿದ್ದಿದ್ದರೆ? ನಿಮ್ಮ ಮನೆಯ ಪಾಲಿಸಿ ನಿಮ್ಮ ಆಸ್ತಿಯದು. ನೆರೆಯವರ ಕಾರಿಗೆ, ರಸ್ತೆಯಲ್ಲಿ ಹೋಗುವವರ ತಲೆಗೆ ಆದ ಹಾನಿ ಅದರೊಳಗೆ ಬರುವುದಿಲ್ಲ. ಅದಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ರಕ್ಷಣೆಯನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಅಕ್ಕಪಕ್ಕ ಗೋಡೆಗೆ ಗೋಡೆ ತಾಗಿದ ಬಡಾವಣೆಗಳಲ್ಲಿ ಎತ್ತರದ ಸ್ಟ್ರಕ್ಚರ್ ಹಾಕಿಸಿದವರು ಇದನ್ನು ಬಿಡಬಾರದೆಂದು ಒತ್ತಿ ಹೇಳುತ್ತೇನೆ.

ಇನ್ನೊಂದು ನೋವು ಹಳೆಯ ಘಟಕದವರದು. ಆರೇಳು ವರ್ಷದ ಹಿಂದೆ ಬರುತ್ತಿದ್ದ 335 ವ್ಯಾಟಿನ ಪ್ಯಾನೆಲ್ ಈಗ ಅಂಗಡಿಯಲ್ಲಿ ಸಿಗುವುದು ಕಷ್ಟ. ಅದು ಹರಿಸುವ ಕರೆಂಟು 9 ಆಂಪಿಯರ್ ಹತ್ತಿರ, ಈಗಿನ 540ರದು 13. ಪ್ಯಾನೆಲ್‌ಗಳು ಒಂದರ ಹಿಂದೆ ಒಂದಾಗಿ ಜೋಡಣೆಯಾಗಿರುವುದರಿಂದ ಇಡೀ ಸಾಲು ಅತಿ ಕಡಿಮೆ ಕರೆಂಟಿನದಕ್ಕೇ ತಲೆಬಾಗುತ್ತದೆ. ಎರಡು ಮುರಿದರೆ ಹೊಸದೆರಡು ತಂದು ಸೇರಿಸಿದರೂ ಅವುಗಳ ಪೂರ್ತಿ ಬಲ ಸಿಗದು. ಹಾಗೆಂದು ಚೆನ್ನಾಗಿರುವ ಉಳಿದವನ್ನೂ ಬದಲಿಸಿ ಎಂದರೆ ವಿಮಾ ಕಂಪನಿ ಒಪ್ಪುವುದಿಲ್ಲ, ಹಾನಿಯಾದದ್ದಕ್ಕೆ ಮಾತ್ರ ಹಣ. ಘಟಕ ಹಾಕಿಸುವಾಗಲೇ ಅದೇ ಮಾದರಿಯ ಒಂದು ಪ್ಯಾನೆಲ್ ಹೆಚ್ಚಿಗೆ ಕೊಂಡು ಒಳಗೆ ನಿಲ್ಲಿಸಿಟ್ಟುಕೊಳ್ಳುವುದು ಈ ನಷ್ಟಕ್ಕೆ ಒಳ್ಳೆಯ ಉಪಾಯ.

ಕಳ್ಳನಿಗೆ ಬೀಗವೇ ಇಲ್ಲದ ಜಾಗ

ಮೂಲ ಗೃಹ ರಕ್ಷಾ ಪಾಲಿಸಿಯಲ್ಲಿ ಕಳವು ಎಂಬ ಪದ ಇದೆ, ಆದರೆ ಅದು ಬಾಲದಂತೆ ಬರುತ್ತದೆ. ಬೆಂಕಿ, ನೆರೆ, ಗಾಳಿಯಂಥ ವಿಮೆಯುಳ್ಳ ಘಟನೆ ನಡೆದು, ಅದರ ಕಾರಣದಿಂದಲೇ, ಆದ 7 ದಿನದೊಳಗೆ ಕಳವಾದರೆ ಮಾತ್ರ ಪರಿಹಾರ. ಗಾಳಿಗೆ ಬಿದ್ದ ಪ್ಯಾನೆಲನ್ನು ಮರುರಾತ್ರಿ ಯಾರೋ ಹೊತ್ತೊಯ್ದರೆ ಸರಿ. ಮನೆಯವರು ಜಾತ್ರೆಗೆ ಹೋದಾಗ ತಾಮ್ರದ ತಂತಿ, ಇನ್ವರ್ಟರ್ ಬಿಚ್ಚಿಕೊಂಡು ಹೋದರೆ ಈ ಪಾಲಿಸಿಯಲ್ಲಿ ಏನೂ ಇಲ್ಲ.

ಅದಕ್ಕೆ ಕಳ್ಳತನದ ವಿಮೆಯನ್ನು, ಅಂದರೆ ಬರ್ಗ್ಲರಿ ಪಾಲಿಸಿಯನ್ನು ಸೇರಿಸಿಕೊಳ್ಳಬೇಕು. ಸೇರಿಸಿಕೊಂಡವರು ಸಿಕ್ಕಿಬೀಳುವುದೂ ಇಲ್ಲೇ. ಸಾಮಾನ್ಯ ಬರ್ಗ್ಲರಿ ಪಾಲಿಸಿಗೆ ಕಳ್ಳ ಬಲಪ್ರಯೋಗದಿಂದ ಒಳಗೆ ಬಂದ ಅಥವಾ ಹೊರಗೆ ಹೋದ ಗುರುತು ಬೇಕು: ಒಡೆದ ಬೀಗ, ಮುರಿದ ಬಾಗಿಲು, ಕತ್ತರಿಸಿದ ಸರಳು. ಸುಪ್ರೀಂ ಕೋರ್ಟ್ 2004ರಲ್ಲಿ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಮತ್ತು ಹರ್‌ಚಂದ್ ರಾಯ್ ಚಂದನ್ ಲಾಲ್ ನಡುವಣ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಪಾಲಿಸಿಯಲ್ಲಿ ಬಲಪ್ರಯೋಗ ಎಂದು ಬರೆದಿದ್ದರೆ ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರವಿಲ್ಲ, ಪಾಲಿಸಿಯ ಪದಗಳನ್ನು ಇದ್ದಂತೆಯೇ ಓದಬೇಕು ಎಂಬುದು ಅದರ ತೀರ್ಪು. ತಾರಸಿಗೆ ಇದನ್ನು ಅನ್ವಯಿಸಿ ನೋಡಿ. ಹೊರಗಿನ ಮೆಟ್ಟಿಲು ಹತ್ತಿ, ಸ್ಪ್ಯಾನರ್ ಹಿಡಿದು ಬೋಲ್ಟ್ ಬಿಚ್ಚಿ ಪ್ಯಾನೆಲ್ ಇಳಿಸಿದವನು ಯಾವ ಬಾಗಿಲನ್ನೂ ಮುರಿದಿಲ್ಲ. ಪೊಲೀಸರಿಗೆ ಅದು ಕಳವೇ, ಪಾಲಿಸಿಯ ಕಣ್ಣಿಗೆ ಬರ್ಗ್ಲರಿ ಅಲ್ಲ.

ಆದ್ದರಿಂದ ಕಳ್ಳತನದ ರಕ್ಷಣೆ ಕೊಳ್ಳುವಾಗ ಎರಡು ಮಾತು ಪಾಲಿಸಿಯ ಮೇಲೆ ಬರಹದಲ್ಲಿ ಇರಲೇಬೇಕು. ಬಲಪ್ರಯೋಗವಿಲ್ಲದ ಕಳವು ಕೂಡ ಸೇರಿದೆ ಎಂಬುದು ಒಂದು. ತೆರೆದ ತಾರಸಿಯಲ್ಲಿರುವ ಪ್ಯಾನೆಲ್, ಕೇಬಲ್ ಮತ್ತು ಹೊರಗೋಡೆಗೆ ತೂಗುಹಾಕಿದ ಇನ್ವರ್ಟರ್ ವಿಮೆಯ ಜಾಗದೊಳಗೇ ಲೆಕ್ಕ ಎಂಬುದು ಇನ್ನೊಂದು. ಏಜೆಂಟ್ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ತಾರಸಿಯ ಮೆಟ್ಟಿಲಿಗೆ ಗ್ರಿಲ್ ಬಾಗಿಲು, ಬೀಗ ಹಾಕಿಸುವುದರಿಂದ ಕಳ್ಳನಿಗೆ ತಡೆಯಾಗುತ್ತದೆ ಎಂಬುದಕ್ಕಿಂತ, ಅವನು ಮುರಿದ ಗುರುತು ಉಳಿಯುತ್ತದೆ ಎಂಬುದು ವಿಮೆಯ ಮಟ್ಟಿಗೆ ದೊಡ್ಡದು. ತಲೆ ಸವೆಸಿ ಬಿಚ್ಚಲಾಗದಂತೆ ಮಾಡಿದ ಬೋಲ್ಟುಗಳಿಗೂ ಇದೇ ಗುಣ.

ಗೃಹ ರಕ್ಷಾದಲ್ಲಿ ಇಲ್ಲದ ಅನುಪಾತದ ಕತ್ತರಿ ಕಳ್ಳತನದ ಪಾಲಿಸಿಯಲ್ಲಿ ಸಾಮಾನ್ಯವಾಗಿ ಇರುತ್ತದೆ. ದಾವಣಗೆರೆಯ ಅದೇ ಮನೆಯವರು ಕಳವಿನ ವಿಮೆಯನ್ನು ಸಹಾಯಧನ ಕಳೆದ 1,12,000ಕ್ಕೆ ಬರೆಸಿದ್ದರು ಎನ್ನಿ. ನಿಜ ಬೆಲೆ 1,90,000. ಕಳುವಾದದ್ದು 35,000ದ ಇನ್ವರ್ಟರ್ ಮಾತ್ರ. ಆದರೂ ಕಂಪನಿ ನೂರಕ್ಕೆ 59ರಷ್ಟು ಮಾತ್ರ ವಿಮೆ ಮಾಡಿಸಿದ್ದೀರಿ ಎಂದು 20,600 ರೂಪಾಯಿಗೆ ಇಳಿಸುತ್ತದೆ. ಹಳೆಯ ಸಾಮಾನೆಂದು ಸವಕಳಿ ಮುರಿದರೆ ಇನ್ನೂ ಕಡಿಮೆ.

ಕಳವು ಗೊತ್ತಾದ ಕೂಡಲೇ ಎಫ್‌ಐಆರ್ ಆಗಬೇಕು. ಅದರಲ್ಲಿ ಪ್ಯಾನೆಲ್‌ಗಳ ಸೀರಿಯಲ್ ನಂಬರ್ ಇರಬೇಕು. ಪ್ರತಿ ಪ್ಯಾನೆಲ್‌ಗೂ ತನ್ನದೇ ನಂಬರ್ ಇದೆ, ಹಾಕಿದ ಮೇಲೆ ಎತ್ತರದಲ್ಲಿ ಓದಲು ಕಷ್ಟ, ಮೊದಲೇ ಬರೆದಿಟ್ಟುಕೊಂಡಿರಬೇಕು. ಕಳ್ಳ ಸಿಗದಿದ್ದರೆ ಪೊಲೀಸರು ಪತ್ತೆಯಾಗಲಿಲ್ಲವೆಂದು ನ್ಯಾಯಾಲಯಕ್ಕೆ ‘ಸಿ ರಿಪೋರ್ಟ್’ ಸಲ್ಲಿಸುತ್ತಾರೆ. ವಿಮಾ ಕಂಪನಿ ಆ ಕಾಗದ ಕೇಳುತ್ತದೆ, ಅದಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆದ್ದರಿಂದ ಕಂಪನಿಗೆ ಮಾಹಿತಿ ಕೊಡುವುದನ್ನು ಆ ಕಾಗದ ಬರಲಿ ಎಂದು ಮುಂದೂಡಬಾರದು.

ಬೆಂಕಿ ಹುಟ್ಟಿದ ಯಂತ್ರಕ್ಕೆ ಹಣವಿಲ್ಲ

ಬೆಂಕಿಯ ವಿಮೆಯೇ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಗಟ್ಟಿ ಎಂಬ ನಂಬಿಕೆ ಇದೆ. ಸೋಲಾರ್ ವಿಷಯದಲ್ಲಿ ಅತ್ಯಂತ ಸೂಕ್ಷ್ಮವಾದ ಷರತ್ತು ಇರುವುದು ಅದರಲ್ಲೇ.

ಮನೆಯ ಕರೆಂಟ್ ಎಸಿ. ಅದು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಏರುತ್ತದೆ. ಎಲ್ಲಾದರೂ ಸಡಿಲ ಜೋಡಣೆಯಲ್ಲಿ ಕಿಡಿ ಹೊತ್ತಿದರೂ ಆ ಸೊನ್ನೆಯ ಕ್ಷಣದಲ್ಲಿ ಆರಲು ಅವಕಾಶವಿದೆ. ಪ್ಯಾನೆಲ್‌ನಿಂದ ಇನ್ವರ್ಟರ್‌ವರೆಗೆ ಹರಿಯುವುದು ಡಿಸಿ. ಆರು ಪ್ಯಾನೆಲ್ ಸಾಲಿನಲ್ಲಿ 250ರಿಂದ 300 ವೋಲ್ಟ್ ಎಡೆಬಿಡದೆ ಇರುತ್ತದೆ. ಅಲ್ಲಿ ಹೊತ್ತಿದ ಕಿಡಿ ಬಿಸಿಲಿರುವಷ್ಟು ಹೊತ್ತೂ ಉರಿಯಬಲ್ಲದು, ಮನೆಯ ಮೇನ್ ಆಫ್ ಮಾಡಿದರೂ ಪ್ಯಾನೆಲ್ ಆಫ್ ಆಗುವುದಿಲ್ಲ. ಹೊತ್ತಿಕೊಳ್ಳುವುದು ಬಹುಪಾಲು ಎಂಸಿ4 ಎಂಬ ಪ್ಲಾಸ್ಟಿಕ್ ಕನೆಕ್ಟರ್‌ನಲ್ಲಿ: ಸರಿಯಾದ ಉಪಕರಣವಿಲ್ಲದೆ ಒತ್ತಿದ್ದು, ಬೇರೆ ಬೇರೆ ಕಂಪನಿಯ ಗಂಡು ಹೆಣ್ಣು ತುದಿ ಸೇರಿಸಿದ್ದು, ನೀರಿನಲ್ಲಿ ನೆನೆಯುವಂತೆ ತಾರಸಿಯ ಮೇಲೆ ಬಿಟ್ಟದ್ದು. ಕನೆಕ್ಟರ್ ಕಂದಿದ್ದರೆ, ಮೈ ಕರಗಿದಂತೆ ಉಬ್ಬಿದ್ದರೆ ಅದು ಮುನ್ಸೂಚನೆ. ಮುಟ್ಟದೆ, ಹಾಕಿಕೊಟ್ಟವರನ್ನು ಕರೆಸಬೇಕು.

ಗೃಹ ರಕ್ಷಾ ಪಾಲಿಸಿಯ ಹೊರಗಿಟ್ಟ ಸಂಗತಿಗಳ ಪಟ್ಟಿಯಲ್ಲಿ ಒಂದು ವಾಕ್ಯವಿದೆ. ಅದರ ತಿರುಳು ಇಷ್ಟು: ಯಾವುದೇ ವಿದ್ಯುತ್ ಅಥವಾ ಎಲೆಕ್ಟ್ರಾನಿಕ್ ಯಂತ್ರ ಶಾರ್ಟ್ ಸರ್ಕ್ಯೂಟ್, ಆರ್ಕಿಂಗ್, ತಾನಾಗಿ ಬಿಸಿಯಾಗುವುದು, ವಿದ್ಯುತ್ ಸೋರಿಕೆ, ಇವುಗಳಿಂದ ಕೆಟ್ಟರೆ ಆ ಯಂತ್ರಕ್ಕೆ ಪರಿಹಾರವಿಲ್ಲ, ಕಾರಣ ಸಿಡಿಲೇ ಆದರೂ ಇಲ್ಲ. ಈ ನಿರ್ಬಂಧ ಕೆಟ್ಟ ಆ ಒಂದು ಯಂತ್ರಕ್ಕೆ ಮಾತ್ರ ಅನ್ವಯ. ಇನ್ವರ್ಟರ್ ಒಳಗೆ ಹೊತ್ತಿದ ಬೆಂಕಿ ಗೋಡೆಗೆ, ಕಿಟಕಿಗೆ, ಒಳಗಿನ ಸೋಫಾಕ್ಕೆ ಹಬ್ಬಿದರೆ ಕಟ್ಟಡದ ಹಾನಿಗೆ ಹಣ ಉಂಟು. ಒಳಸಾಮಾನಿಗೂ ವಿಮೆ ಇದ್ದರೆ ಸೋಫಾಕ್ಕೂ ಉಂಟು. ಇನ್ವರ್ಟರ್‌ಗೆ ಇಲ್ಲ. ಸಿಡಿಲು ನೇರವಾಗಿ ಬಡಿದು ಪ್ಯಾನೆಲ್ ಒಡೆದರೆ ಅದು ಸಿಡಿಲಿನ ಹಾನಿ. ದೂರದಲ್ಲಿ ಬಡಿದ ಸಿಡಿಲಿನ ಹೊಡೆತ ತಂತಿಯಲ್ಲಿ ಬಂದು ಇನ್ವರ್ಟರ್ ಬೋರ್ಡ್ ಸುಟ್ಟರೆ ಈ ವಾಕ್ಯ ಅಡ್ಡ ಬರುತ್ತದೆ. ಅಡ್ಡಮಳೆಯ ಕಾಲದಲ್ಲಿ ಮನೆಗಳವರು ಕಾಣುವುದು ಈ ಎರಡನೇ ಬಗೆಯನ್ನೇ.

ಸೋಲಾರ್ ಘಟಕವೆಲ್ಲ ಸೇರಿ ಒಂದೇ ಯಂತ್ರ ಎಂದು ವಾದಿಸಲು ಅವಕಾಶ ಕೊಡಬಾರದು. ಪಾಲಿಸಿಯ ಶೆಡ್ಯೂಲ್‌ನಲ್ಲಿ ‘ಸೋಲಾರ್ ಸಿಸ್ಟಂ 1,90,000’ ಎಂದು ಒಂದೇ ಸಾಲು ಇರುವುದಕ್ಕಿಂತ ಪ್ಯಾನೆಲ್, ಇನ್ವರ್ಟರ್, ಸ್ಟ್ರಕ್ಚರ್, ಕೇಬಲ್ ಮತ್ತು ಡಬ್ಬಿಗಳು ಎಂದು ಬೆಲೆ ಬಿಡಿಸಿ ಬರೆಸುವುದು ಮೇಲು. ಆಗ ಕೆಟ್ಟ ಯಂತ್ರ ಯಾವುದು, ಬೆಂಕಿ ಹಬ್ಬಿ ಹಾಳಾದದ್ದು ಯಾವುದು ಎಂದು ತೋರಿಸುವುದು ಸುಲಭ.

ಇನ್ವರ್ಟರ್‌ನ ಒಳಗಿನ ಸುಡುವಿಕೆಗೂ ರಕ್ಷಣೆ ಬೇಕೆಂದರೆ ವಿದ್ಯುತ್ ಉಪಕರಣ ಕೆಡುವಿಕೆಯ ಹೆಚ್ಚುವರಿ ರಕ್ಷಣೆಯನ್ನೋ, ಎಲೆಕ್ಟ್ರಾನಿಕ್ ಎಕ್ವಿಪ್‌ಮೆಂಟ್ ಪಾಲಿಸಿಯನ್ನೋ ಕೇಳಬೇಕು. ಅವುಗಳಲ್ಲಿಯೂ ಸವೆತ, ವಾರಂಟಿಯೊಳಗೆ ಬರುವ ದೋಷ, ಇಲಿ ಕಡಿತ ಸಾಮಾನ್ಯವಾಗಿ ಹೊರಗೆ. ಒಂದು ಮನೆಗೆ ಈ ಹೆಚ್ಚುವರಿ ಖರ್ಚು ಬೇಕೇ ಎಂದು ಲೆಕ್ಕ ಹಾಕಿಯೇ ನಿರ್ಧರಿಸಬೇಕು. ಇನ್ವರ್ಟರ್ ವಾರಂಟಿ ಇನ್ನೂ ಇದ್ದು, ಎರಡೂ ಬದಿಗೆ ಸರ್ಜ್ ರಕ್ಷಕ ಹಾಕಿಸಿ, ಅರ್ಥಿಂಗ್ ಸರಿಯಿದ್ದರೆ ನಾನಾದರೆ ಮೊದಲ ಕೆಲವು ವರ್ಷ ಬಿಡುತ್ತೇನೆ, ಅದೇ ಹಣವನ್ನು ಕಳವಿಗೂ ನೆರೆಯವರ ಹೊಣೆಗೂ ಹಾಕುತ್ತೇನೆ. ಅಕ್ಕಿ ಗಿರಣಿಯ ಶೀಟಿನ ಮೇಲೆ 50 ಕಿಲೋವ್ಯಾಟ್ ಹಾಕಿಸಿದವರ ಮಾತು ಬೇರೆ. ಅವರಿಗೆ ಮನೆಯ ಪಾಲಿಸಿಯೇ ಸಲ್ಲದು. ಒಂದು ಜಾಗದ ಆಸ್ತಿ 5 ಕೋಟಿಯೊಳಗಿದ್ದರೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬುದಿದೆ. ಅಲ್ಲಿ ಬೆಲೆ 15 ಶೇಕಡಕ್ಕಿಂತ ಹೆಚ್ಚು ಕಡಿಮೆ ಬರೆಸಿದ್ದರೆ ಅನುಪಾತದ ಕತ್ತರಿ ಬೀಳುತ್ತದೆ. ಯಂತ್ರ ಕೆಡುವ ವಿಮೆಯೂ ಅವರಿಗೆ ಅಗತ್ಯವೇ.

ಸರ್ವೇಯರ್ ಬರುವ ಮುನ್ನ

ಹಾನಿಯಾದ ದಿನ ಮನಸ್ಸು ಮೊದಲು ಹೇಳುವುದು ಮುರಿದದ್ದನ್ನು ಎತ್ತಿ ಚೊಕ್ಕ ಮಾಡು ಎಂದು. ತಡೆಯಬೇಕು. ಗಾಜು ಒಡೆದ ಪ್ಯಾನೆಲ್ ಬಿಸಿಲಿನಲ್ಲಿ ಇನ್ನೂ ವಿದ್ಯುತ್ ಹರಿಸುತ್ತಿರುತ್ತದೆ, ನೀರು ಸೇರಿದರೆ ಚೌಕಟ್ಟೇ ಹೊಡೆಯಬಹುದು. ಡಿಸಿ ಸ್ವಿಚ್ ಆರಿಸಿ, ಮಕ್ಕಳು ಹತ್ತದಂತೆ ತಾರಸಿ ಬಾಗಿಲು ಮುಚ್ಚಿ, ದೂರದಿಂದ ಫೋಟೋ ತೆಗೆಯಿರಿ. ಅದೇ ದಿನ ಕಂಪನಿಗೆ ತಿಳಿಸಿ ಕ್ಲೈಮ್ ನಂಬರ್ ಪಡೆಯಿರಿ. ಬೆಂಕಿಯಾದರೆ ಅಗ್ನಿಶಾಮಕ ಠಾಣೆಯ ವರದಿ ಬೇಕು. ಹಾಕಿಕೊಟ್ಟವರಿಂದ ಐಟಂವಾರು ಅಂದಾಜುಪಟ್ಟಿ, ಬಿಲ್ಲು, ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಯಾವುದೇ ಇರಲಿ ನೆಟ್ ಮೀಟರ್ ಒಪ್ಪಂದದ ಪ್ರತಿ ಇವನ್ನು ಒಂದು ಕಡತದಲ್ಲಿ ಇಡಬೇಕು. ಮುರಿದ ಸಾಮಾನನ್ನು ಗುಜರಿಗೆ ಹಾಕಬಾರದು. ಸರ್ವೇಯರ್ ಅದರ ಬೆಲೆ ಕಟ್ಟಿ ಪರಿಹಾರದಿಂದ ಕಳೆಯಬಹುದು, ಕಾಣದಿದ್ದರೆ ಹಾನಿಯನ್ನೇ ಪ್ರಶ್ನಿಸಬಹುದು.

ಕಂಪನಿ ಕ್ಲೈಮ್ ನಿರಾಕರಿಸಿದರೆ ಯಾವ ಷರತ್ತಿನ ಮೇಲೆ ಎಂದು ಬರಹದಲ್ಲಿ ಕೇಳಿ ಪಡೆಯಬೇಕು. ಮೊದಲು ಕಂಪನಿಯ ದೂರು ವಿಭಾಗಕ್ಕೆ, ಬೇಕಾದರೆ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲ್ ಮೂಲಕ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ಕ್ಲೈಮ್‌ಗಳು ಅಲ್ಲಿ ನಡೆಯುತ್ತವೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಿರಬೇಕು.